ಶ್ವಾಸಕೋಶದ ನೆರವಿಲ್ಲದೆ ಹುಟ್ಟುವ ವ್ಯಂಜನಗಳು

“ಜುಲು ಮಾತಾಡುವವರು ನಡುನಡುವೆ ‘ಟಕ್’ ಅಂತಾರಲ್ಲ, ಆಗ ಉಸಿರನ್ನು ಒಳಗೆ ಎಳ್ಕೊಳ್ತಾರಾ? ಮಾತಿನ ಮಧ್ಯೆ ಅದು ಹೇಗೆ ಸಾಧ್ಯ?”

ಇಲ್ಲ. ಆ ಗಳಿಗೆಯಲ್ಲಿ ಗಾಳಿ ಬಾಯಿಯೊಳಕ್ಕೆ ನುಗ್ಗುವುದು ನಿಜ. ಆದರೆ ಅದು ನಾಲಿಗೆಯ ಮೇಲಿನ ಪುಟ್ಟ ಜಾಗದಲ್ಲೇ ನಿಂತುಬಿಡುತ್ತದೆ, ಗಂಟಲಿಗೂ ಇಳಿಯುವುದಿಲ್ಲ.

ಕನಿಕರದಿಂದ ಲೊಚಗುಟ್ಟುವಾಗ ನಾವು ಮಾಡುವುದೂ ಇದನ್ನೇ. ನಾಲಿಗೆಯ ಹಿಂಭಾಗ ‘ಕ’ ಹೇಳುವಂತೆ ಮೃದು ತಾಲುವಿಗೆ ಒತ್ತಿಕೊಳ್ಳುತ್ತದೆ, ತುದಿ ಮೇಲಿನ ಹಲ್ಲುಗಳ ಹಿಂದೆ ಅಂಟಿಕೊಳ್ಳುತ್ತದೆ, ನಡುವೆ ಒಂದಿಷ್ಟು ಗಾಳಿ ಸೆರೆಯಾಗುತ್ತದೆ. ಈಗ ನಾಲಿಗೆಯ ನಡುಭಾಗ ಕೆಳಗೆ ಜಗ್ಗಿದರೆ ಆ ಜಾಗ ಹಿಗ್ಗಿ ಒಳಗಿನ ಒತ್ತಡ ಕುಸಿಯುತ್ತದೆ, ತುದಿ ಬಿಟ್ಟ ಕೂಡಲೇ ಹೊರಗಿನ ಗಾಳಿ ಸದ್ದು ಮಾಡುತ್ತ ಒಳನುಗ್ಗುತ್ತದೆ. ರೋಮನ್ ಲಿಪಿಯ ಜುಲು ಬರಹದಲ್ಲಿ ‘ಸಿ’ ಅಕ್ಷರ ಸೂಚಿಸುವ ಕ್ಲಿಕ್ ಇದೇ. ನಾಲಿಗೆಯ ತುದಿಯನ್ನು ಇನ್ನೂ ಹಿಂದೆ, ಒಸಡಿನ ಆಚೆಗೆ ಒತ್ತಿ ಬಿಟ್ಟರೆ ‘ಕ್ಯೂ’, ತುದಿಯನ್ನು ಹಾಗೇ ಇಟ್ಟು ಒಂದು ಪಕ್ಕವನ್ನು ಮಾತ್ರ ಬಿಟ್ಟರೆ ‘ಎಕ್ಸ್’. ನಮ್ಮಲ್ಲಿ ಮಾತಿನ ಹೊರಗೆ ಉಳಿದ ಸದ್ದು ಅಲ್ಲಿ ಪದದೊಳಗಿನ ವ್ಯಂಜನವಾಗಿದೆ, ಅಷ್ಟೇ.

ಉಸಿರಿಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯುವುದು ಸುಲಭ: ತುಟಿ ತೆರೆದಿಟ್ಟು, ಮೂಗಿನಲ್ಲಿ ಒಂದು ರಾಗ ಗುನುಗುತ್ತಲೇ ಲೊಚಗುಟ್ಟಿ ನೋಡಿ. ರಾಗ ಕಡಿಯುವುದಿಲ್ಲ, ಏಕೆಂದರೆ ಶ್ವಾಸಕೋಶದ ಗಾಳಿ ನಾಲಿಗೆಯ ಹಿಂದಿನಿಂದಲೇ ಮೂಗಿನತ್ತ ಹೋಗುತ್ತಿರುತ್ತದೆ. ಜುಲುವಿನ ಅನುನಾಸಿಕ ಕ್ಲಿಕ್‌ಗಳು ಹುಟ್ಟುವುದು ಹೀಗೆಯೇ.

ಎಜೆಕ್ಟಿವ್ ಎಂಬ ಧ್ವನಿಗಳಲ್ಲಿ ಕೆಲಸ ಮಾಡುವುದು ನಾಲಿಗೆಯಲ್ಲ, ಧ್ವನಿಪೆಟ್ಟಿಗೆ. ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಬಾಯಿಯೂ ತುಟಿಯಲ್ಲೋ ತಾಲುವಿನಲ್ಲೋ ಮುಚ್ಚಿರುತ್ತದೆ. ಧ್ವನಿಪೆಟ್ಟಿಗೆ ಸೈಕಲ್ ಪಂಪಿನ ಕೊಂತದಂತೆ ಮೇಲೇರಿ ನಡುವಿನ ಗಾಳಿಯನ್ನು ಅದುಮುತ್ತದೆ, ಬಾಯಿ ಬಿಟ್ಟಾಗ ಅದು ಚುರುಕಾಗಿ ಸಿಡಿಯುತ್ತದೆ. ಜಾರ್ಜಿಯನ್ ಭಾಷೆಯಲ್ಲಿ ಘೋಷ, ಮಹಾಪ್ರಾಣ, ಎಜೆಕ್ಟಿವ್ ಎಂಬ ಮೂರು ಬಗೆಯ ಸ್ಪರ್ಶಗಳಿದ್ದು, ನಮ್ಮ ಕಿವಿ ಅವನ್ನು ಹೆಚ್ಚುಕಡಿಮೆ ಗ, ಖ, ಕ ಎಂದು ಹಂಚಿಕೊಂಡುಬಿಡುತ್ತದೆ. ಆದರೆ ನಮ್ಮ ‘ಕ’ ಕೂಡ ಶ್ವಾಸಕೋಶದ ಗಾಳಿಯದೇ. ಎಜೆಕ್ಟಿವ್ ಕಲಿಯಬೇಕಾದವರು ಉಸಿರನ್ನು ಪೂರ್ತಿ ಹೊರಬಿಟ್ಟು, ಗಂಟಲು ಬಿಗಿಹಿಡಿದು, ಆ ಸ್ಥಿತಿಯಲ್ಲೇ ‘ಕ್’ ಎನ್ನಲು ಪ್ರಯತ್ನಿಸಬೇಕು. ಸದ್ದು ಬಂದರೆ ಅದು ಎಜೆಕ್ಟಿವ್. ಜೋರು ಮಾಡಲು ಹೋಗಿ ‘ಖ್’ ಎಂದುಬಿಡುವುದು ಸಾಮಾನ್ಯ ತಪ್ಪು. ಸಿಡಿತದ ಬೆನ್ನಿಗೆ ‘ಹ’ಕಾರದಂಥ ಉಸಿರು ಕೇಳಿಸಿದರೆ ಧ್ವನಿತಂತುಗಳು ತೆರೆದಿದ್ದವು ಎಂದರ್ಥ. (ಕಪ್ಪೆಗೆ ಜಾರ್ಜಿಯನ್ನಿನಲ್ಲಿ ಇರುವ ಪದದಲ್ಲಿ ಕಿರುನಾಲಿಗೆಯ ಎಜೆಕ್ಟಿವ್ ಎರಡು ಸಲ ಬರುತ್ತದೆ, ಜುಲುವಿನ ಪದದಲ್ಲಿ ಪಕ್ಕದ ಕ್ಲಿಕ್ ಎರಡು ಸಲ. ಇದು ಕಾಕತಾಳೀಯವಿರಬಹುದು, ಆದರೂ ನನಗೆ ಇಷ್ಟ.)

ಎಜೆಕ್ಟಿವ್ ಇರುವ ಭಾಷೆಗಳಲ್ಲಿ ‘ಕ’ ವರ್ಗದ್ದು ತೀರ ಸಾಮಾನ್ಯ, ‘ಪ’ ವರ್ಗದ್ದು ಅಪರೂಪ. ಇದಕ್ಕೆ ಕೊಡುವ ಒಂದು ವಿವರಣೆ ಬಾಯ್ಲ್ ನಿಯಮದ್ದು: ಸೆರೆಯಾದ ಗಾಳಿಯ ಜಾಗ ಕುಗ್ಗಿದಷ್ಟೂ ಅದರ ಒತ್ತಡ ಏರುತ್ತದೆ. ಧ್ವನಿಪೆಟ್ಟಿಗೆ ಏರುವ ಎತ್ತರ ಎರಡರಲ್ಲೂ ಒಂದೇ ಎಂದುಕೊಳ್ಳಿ, ಅದರಿಂದ 4 ಘನ ಸೆಂ.ಮೀ. ಜಾಗ ಕುಗ್ಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ‘ಕ’ದ ಮುಚ್ಚುವಿಕೆಯ ಹಿಂದಿನ ಜಾಗ 40 ಆಗಿದ್ದರೆ ಅದು ಹತ್ತರಲ್ಲಿ ಒಂದು ಪಾಲು, ‘ಪ’ದಲ್ಲಿ ಇಡೀ ಬಾಯಿ ಸೇರಿ ಜಾಗ 100 ಆಗಿದ್ದರೆ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಜೊತೆಗೆ ಮೆತ್ತಗಿನ ಕೆನ್ನೆಗಳೂ ಉಬ್ಬಿ ಒತ್ತಡವನ್ನು ಸಡಿಲಿಸುತ್ತವೆ.

ಇಂಪ್ಲೋಸಿವ್‌ಗಳಲ್ಲಿ ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ. ನಮ್ಮ ನೆರೆಯ ಉದಾಹರಣೆ ಸಿಂಧಿ: ಅಲ್ಲಿ ಸಾಮಾನ್ಯ ‘ಬ’ದ ‘ಬಾರು’ ಎಂದರೆ ಹೊರೆ, ಇಂಪ್ಲೋಸಿವ್ ‘ಬ’ದ್ದಾದರೆ ಮಗು. ಇಲ್ಲಿ ಧ್ವನಿತಂತುಗಳು ಪೂರ್ತಿ ಮುಚ್ಚಿರದೆ ಕಂಪಿಸುತ್ತಿರುತ್ತವೆ. ಧ್ವನಿಪೆಟ್ಟಿಗೆ ಇಳಿದು ಜಾಗ ಹಿಗ್ಗುತ್ತಿದ್ದಂತೆಯೇ ಕೆಳಗಿನಿಂದ ಶ್ವಾಸಕೋಶದ ಗಾಳಿ ಸೋರಿ ಅದನ್ನು ತುಂಬುತ್ತದೆ, ಹಾಗಾಗಿ ತುಟಿ ಬಿಟ್ಟಾಗ ಒಳಗೆ ಹೋಗುವ ಗಾಳಿ ಬಹಳ ಸಲ ಅತ್ಯಲ್ಪ, ಕೆಲವೊಮ್ಮೆ ಇಲ್ಲವೇ ಇಲ್ಲ. ಬಾಯಿ ಮುಚ್ಚಿದ ಹೊತ್ತಿನಲ್ಲಿ ಕ್ಷೀಣಿಸಬೇಕಾದ ನಾದ ಬಲವಾಗುತ್ತ ಹೋಗುವುದೇ ಇದರ ಗುರುತು. ಎಜೆಕ್ಟಿವ್‌ನ ಲೆಕ್ಕ ಇಲ್ಲಿ ತಿರುವುಮುರುವು: ತುಟಿಯ ಹಿಂದಿನ ದೊಡ್ಡ ಜಾಗ ತುಂಬಲು ಹೊತ್ತು ಹಿಡಿಯುವುದರಿಂದ ನಾದ ಸರಾಗ, ‘ಗ’ದ ಹಿಂದಿನ ಕಿರಿದಾದ ಜಾಗ ಬೇಗ ತುಂಬಿ ನಾದವೇ ನಿಲ್ಲುವ ಅಪಾಯ. ಇಂಪ್ಲೋಸಿವ್ ‘ಬ’ ಹಲವು ಭಾಷೆಗಳಲ್ಲಿದ್ದರೂ ‘ಗ’ ವಿರಳ. ಸಿಂಧಿ ಅದನ್ನೂ ಉಳಿಸಿಕೊಂಡಿದೆ.