ಬಂದಾಳು, ಬರಲಿ, ಬೆಂಗಾ

ಮ್ಯಾಡ್ರಿಡ್‌ಗೆ ಬಂದು ಎಂಟು ತಿಂಗಳಾಗಿತ್ತು. ವಾರಕ್ಕೆರಡು ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಿದ್ದೆ. ಆ ಮಂಗಳವಾರ ಟೀಚರ್ ಬಿಟ್ಟ ಸ್ಥಳ ತುಂಬುವ ಹಾಳೆ ಕೊಟ್ಟರು. ಎಲ್ಲ ವಾಕ್ಯಕ್ಕೂ ಕ್ರಿಯಾಪದ ಒಂದೇ, ‘ಬೆನೀರ್’, ಅಂದರೆ ಬರುವುದು. ಮಾತನ್ನು ನೇರವಾಗಿ ಹೇಳುವ ಇಂಡಿಕೇಟಿವ್ ರೂಪ ಆದರೆ ‘ಬಿಯೆನೆ’, ಹಾಗೆ ಹೇಳದಿರುವಾಗಿನ ಸಬ್ಜಂಕ್ಟಿವ್ ರೂಪ ಆದರೆ ‘ಬೆಂಗಾ’. ರೂಪ ಕಷ್ಟವಿರಲಿಲ್ಲ. ‘ಬರುತ್ತೇನೆ’ ಅನ್ನೋದಕ್ಕೆ ‘ಬೆಂಗೊ’, ಅದರ ಕೊನೆಯ ‘ಒ’ ಹೋಗಿ ‘ಆ’ ಬಂದರೆ ‘ಬೆಂಗಾ’. ಎಲ್ಲಿ ಯಾವುದು ಅನ್ನೋದೇ ಗೊಂದಲ.

ಮೊದಲ ವಾಕ್ಯ: ‘ಕ್ರೆಯೊ ಕೆ ಅನಾ ___’. ಅನಾ ಬರ್ತಾಳೆ ಅನ್ಸುತ್ತೆ. ಅನ್ಸುತ್ತೆ ಅಂದಮೇಲೆ ಖಚಿತವಿಲ್ಲ ಎಂದುಕೊಂಡು ‘ಬೆಂಗಾ’ ಬರೆದೆ. ಟೀಚರ್ ಅದನ್ನು ಹೊಡೆದುಹಾಕಿ ಮೇಲೆ ‘ಬಿಯೆನೆ’ ಎಂದು ಬರೆದರು. “ಮನಸ್ಸಲ್ಲಿ ಎಷ್ಟು ಅನುಮಾನ ಇದೆ ಅಂತ ಅಳೀಬೇಡ. ‘ಕ್ರೆಯೊ’ ಅಂದಾಗ ಅವಳು ಬರ್ತಾಳೆ ಅನ್ನೋ ಮಾತನ್ನ ನೀನೇ ಮುಂದಿಡ್ತಿದ್ದೀಯ. ‘ನೊ ಕ್ರೆಯೊ’ ಅಂದರೆ ಮುಂದಿಡ್ತಾ ಇಲ್ಲ, ಆಗ ‘ಬೆಂಗಾ’,” ಅಂದರು. ‘ದುದೊ ಕೆ’, ನನಗೆ ಅನುಮಾನ, ಅಲ್ಲೂ ‘ಬೆಂಗಾ’. ‘ಎಸ್ತೊಯ್ ಸೆಗೂರಾ ದೆ ಕೆ’, ನನಗೆ ಖಾತ್ರಿಯಿದೆ, ಅಲ್ಲಿ ‘ಬಿಯೆನೆ’.

ಆಸೆಯ ವಾಕ್ಯಕ್ಕೆ ಬಂದಾಗ ಮತ್ತೆ ನಿಂತೆ. ‘ಕಿಯೆರೊ ಕೆ ಅನಾ ___’. ಅವಳು ಬರಬೇಕು ಅನ್ನೋದರಲ್ಲಿ ಅನುಮಾನವೇ ಇಲ್ಲವಲ್ಲ, ಇಲ್ಲೂ ‘ಬೆಂಗಾ’ ಏಕೆ? ಮೆಟ್ರೊದಲ್ಲಿ ಹಾಳೆಯ ಅಂಚಿನಲ್ಲಿ ಕನ್ನಡದಲ್ಲೇ ಬರೆದು ನೋಡಿದೆ: ಅನುಮಾನವಿದ್ದರೆ ‘ಬಂದಾಳು’, ಆಸೆಯಿದ್ದರೆ ‘ಬರಲಿ’, ಖಚಿತವಾದರೆ ‘ಬರುತ್ತಾಳೆ’. ಮೊದಲ ಎರಡರಲ್ಲೂ ಅವಳು ಬರುತ್ತಾಳೆಂದು ನಾನು ಹೇಳುತ್ತಲೇ ಇಲ್ಲ. ನಾವು ಎರಡು ರೂಪಕ್ಕೆ ಹಂಚಿದ ಕೆಲಸವನ್ನು ಸ್ಪ್ಯಾನಿಷ್ ಒಂದೇ ‘ಬೆಂಗಾ’ದ ಮೇಲೆ ಹೊರಿಸಿದೆ. ಈ ಹೋಲಿಕೆ ಎಲ್ಲ ಕಡೆ ನಡೆಯದು, ಆದರೂ ಖಾಲಿ ಜಾಗದ ಮುಂದೆ ಪೆನ್ನು ಹಿಡಿದಾಗ ಯಾವ ಪಟ್ಟಿಗಿಂತಲೂ ಇದೇ ನನಗೆ ಹೆಚ್ಚು ಆಗಿಬಂದಿದೆ.

ಒಂದೇ ಒಂದು ಕಡೆ ಆಮೇಲೂ ಎಡವಿದೆ. ಬಯಸುವವರೂ ಬರುವವರೂ ಒಬ್ಬರೇ ಆದರೆ ಎರಡು ಮಾತನ್ನು ಜೋಡಿಸುವ ‘ಕೆ’ಯೂ ಬೇಡ, ‘ಬೆಂಗಾ’ವೂ ಬೇಡ. ‘ಕಿಯೆರೊ ಬೆನೀರ್’, ನನಗೆ ಬರಬೇಕು ಅಂತಿದೆ, ಅಷ್ಟೇ.

ಆ ಶನಿವಾರ ಪಕ್ಕದ ಮನೆಯ ಹುಡುಗಿ ಬಾಗಿಲು ತಟ್ಟಿದಳು. “ದಿಥೆ ಮಿ ಮಾದ್ರೆ ಕೆ ಬೆಂಗಾಸ್.” ಅಮ್ಮ ಹೇಳ್ತಿದ್ದಾರೆ, ಮುಂದಿನದು? ‘ಬಿಯೆನೆ’ ಅಂದಿದ್ದರೆ ಅವರೇ ಬರ್ತಾರಂತೆ ಎಂದು ಕಾಫಿಗೆ ನೀರಿಡುತ್ತಿದ್ದೆ. ಅವಳು ಅಂದದ್ದು ‘ಬೆಂಗಾಸ್’, ‘ನೀನು’ ಅನ್ನೋದಕ್ಕೆ ಬರುವ ‘ಬೆಂಗಾ’. ನಾನು ಬರಬೇಕಂತೆ. ಬೀಗದ ಕೈ ತೆಗೆದುಕೊಂಡು ಅವಳ ಹಿಂದೆಯೇ ಹೊರಟೆ.