ಫೋನಲ್ಲಿ ದಿನಾ ಹೇಳೋ ಮಾತು

"ಬೈದಿಲ್ಲ ಸಾ. ಫೋನಲ್ಲಿ ದಿನಾ ಇದ್ನೇ ತಾನೆ ನಾನು ಹೇಳೋದು?"

ಮಂಗಳವಾರ, ಗಿರಾಕಿಗಳ ಫೋನೂ ಎತ್ತುವ ಪ್ಯಾಕಿಂಗ್ ವಿಭಾಗದ ಅಕ್ಕ ನಮ್ಮ ಕಂಪನಿ ಯಜಮಾನರ ಎದುರು ನಿಂತು ಹೇಳಿದ ಮಾತು ಇದು. ಇವತ್ತಿಗೂ ನನ್ನ ಕಿವಿಯಲ್ಲೇ ಇದೆ.

ನಮ್ಮದು ಮಂಡ್ಯದ ಹತ್ತಿರದ ಒಂದು ಬೆಲ್ಲದ ಕಂಪನಿ. ಸುತ್ತಲಿನ ಆಲೆಮನೆಗಳಿಂದ ಬೆಲ್ಲ ತಂದು, ಪ್ಯಾಕ್ ಮಾಡಿ ಮಾರುತ್ತೇವೆ. ಹಿಂದಿನ ದಿನ ರಾತ್ರಿ ಅಕ್ಕ ತಮ್ಮ ಫೇಸ್‌ಬುಕ್‌ನಲ್ಲಿ ಹೀಗೆ ಬರೆದಿದ್ದರು: "ನಾನು ಇದೇ ಕಂಪನೀಲಿ ಬೆಲ್ಲ ಪ್ಯಾಕ್ ಮಾಡೋದು. ಮಳೆಗಾಲದಲ್ಲಿ ನಮ್ಮ ಬೆಲ್ಲ ಬೆವರುತ್ತೆ, ಅಂಟಂಟಾಗುತ್ತೆ. ಕೆಟ್ಟಿದೆ ಅಂತ ಬಿಸಾಕಬೇಡಿ. ಒಣ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಒದ್ದೆ ಕೈ ಹಾಕಬೇಡಿ." ಜೊತೆಗೆ ಬೆವರಿದ ಒಂದು ಅಚ್ಚು ಬೆಲ್ಲದ ಫೋಟೋ. ಕವರಿನ ಒಳಗೆ ನೀರು ಹನಿ ಹನಿಯಾಗಿ ಕೂತಿದ್ದು ಚೆನ್ನಾಗಿ ಕಾಣುತ್ತಿತ್ತು.

ಯಜಮಾನರು ಕೇಳಿದ್ದು ಒಂದೇ: "ನಮ್ಮಲ್ಲೇ ಕೆಲಸ ಮಾಡ್ಕೊಂಡು ನಮ್ಮ ಬೆಲ್ಲಾನೇ ಬೈತೀಯೇನಮ್ಮ?"

ಯಜಮಾನರು ಒಳ್ಳೆಯವರು. ಮಗಳ ಫೀಸಿಗೆ ಅಂತ ಕೇಳಿದವರಿಗೆ ಇಲ್ಲ ಅಂದವರಲ್ಲ. ಆದರೆ ಬಾಯಲ್ಲಿ ಹೇಳಿದ್ದು ಹೋಗಿಬಿಡುತ್ತೆ, ಬರೆದಿದ್ದು ಉಳಿಯುತ್ತೆ ಅನ್ನೋ ಭಯ ಅವರಿಗೆ. ಮೊದಲು ನನಗೂ ಅದೇ ಭಯ ಇತ್ತು. ಹಾಗಾಗಿಯೇ ಮೊದಲ ಸಲ ಎಡವಿದ್ದು ನಾನೇ.

ಸಿಬ್ಬಂದಿ ತಾವಾಗಿ ಕಂಪನಿ ಬಗ್ಗೆ ಬರೆಯಲಿ ಅಂತ ಶುರು ಮಾಡಿದಾಗ, ನಾನೇ ಒಂದು ಪ್ಯಾರಾ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. "ಪರಿಶುದ್ಧತೆಯೇ ನಮ್ಮ ಪರಂಪರೆ" ಅಂತ ಏನೇನೋ. ಮರುದಿನ ಬೆಳಿಗ್ಗೆ ಹದಿನಾಲ್ಕು ಜನ ಅದನ್ನೇ ಹಾಗೇ ಹಾಕಿದರು. ಒಬ್ಬ ಗಿರಾಕಿ ಕೆಳಗೆ ಕೇಳಿದ್ದರು, "ಎಲ್ಲರಿಗೂ ಒಂದೇ ಬಾಯಾ?" ಲೈಕ್ ಕೊಟ್ಟವರೆಲ್ಲ ನಮ್ಮವರೇ. ಬೆಲ್ಲದ ಬಗ್ಗೆ ಹೊರಗಿನವರ ಒಂದು ಪ್ರಶ್ನೆಯೂ ಬರಲಿಲ್ಲ. ಕೆಲಸ ಕೆಟ್ಟಿದೆ ಅಂತ ತಿಳಿಯೋಕೆ ಇದಕ್ಕಿಂತ ಬೇರೆ ಗುರುತು ಬೇಕಾ?

ಆಮೇಲೆ ಬರೆದು ಕೊಡೋದನ್ನೇ ನಿಲ್ಲಿಸಿದೆ. ಈಗ ಇಷ್ಟವಿದ್ದ ಆರು ಜನ ಗುರುವಾರ ಡ್ಯೂಟಿ ಹೊತ್ತಲ್ಲೇ ಅರ್ಧ ಗಂಟೆ ಕೂರುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ವಾರ ಗಿರಾಕಿಗೆ ಏನು ಹೇಳಿದ್ರಿ? ಅವರು ಮಾತಾಡುತ್ತಾರೆ, ಫೋನಲ್ಲಿ ರೆಕಾರ್ಡ್ ಮಾಡಿ, ಅದೇ ಮಾತಲ್ಲಿ ಟೈಪ್ ಮಾಡಿಕೊಳ್ಳುತ್ತಾರೆ. ಹಾಕೋದು ಬಿಡೋದು ಅವರಿಗೆ ಬಿಟ್ಟಿದ್ದು. ಪೋಸ್ಟಿಗಿಷ್ಟು ಅಂತ ಬಹುಮಾನ ಇಟ್ಟಿಲ್ಲ. ಇಟ್ಟರೆ ಎಣಿಕೆಗೆ ಬರೆಯುತ್ತಾರೆ, ಮತ್ತೆ ಹದಿನಾಲ್ಕು ಒಂದೇ ಥರ ಆಗುತ್ತೆ.

ಕಟ್ಟುಪಾಡು ಇಲ್ಲ ಅಂತಲ್ಲ. ಇಲ್ಲೇ ಕೆಲಸ ಮಾಡ್ತೀನಿ ಅಂತ ಹೇಳಲೇಬೇಕು. ಹೊಗಳುವವರಿಗೂ ಕಂಪನಿಗೂ ಇರುವ ನಂಟು ಓದುವವರಿಗೆ ಗೊತ್ತಾಗದಿದ್ದರೆ ಅದನ್ನು ತಿಳಿಸಬೇಕು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೇ ಹೇಳುತ್ತೆ. ಗಿರಾಕಿ ವೇಷದಲ್ಲಿ ಶಾಪಿಂಗ್ ಆ್ಯಪ್‌ನಲ್ಲಿ ಸ್ಟಾರ್ ಕೊಡುವಂತಿಲ್ಲ. ಕಾಯಿಲೆ ಮಾತು ಎತ್ತುವಂತಿಲ್ಲ.

ಅಕ್ಕನ ಬರಹದಲ್ಲಿ ಮೊದಲು ಇನ್ನೊಂದು ಸಾಲಿತ್ತು: "ಶುಗರ್ ಇರೋರೂ ತಿನ್ನಬಹುದು." ಅದನ್ನು ಮಾತ್ರ ತೆಗೆಸಿದೆ. ಬೆಲ್ಲದಲ್ಲೂ ಬಹುಪಾಲು ಇರೋದು ಸಕ್ಕರೆ ಅಂಶವೇ ಅಕ್ಕ, ಯಾರಾದರೂ ನಂಬಿ ತಿಂದರೆ ಕಷ್ಟ ಅಂದೆ. "ಅಯ್ಯೋ, ನಮ್ಮತ್ತೆ ಹಂಗೇ ಅಂದ್ಕೊಂಡು ತಿಂತಾವ್ರೆ ಕಣಮ್ಮ" ಅಂದರು, ತಕ್ಷಣ ಅಳಿಸಿದರು. ಬೆವರುತ್ತೆ ಅನ್ನೋ ಮಾತನ್ನು ಯಾಕೆ ತೆಗೆಸಲಿ? ಅದು ನಿಜ. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಗಾಳಿಯ ತೇವ ಎಳೆದುಕೊಳ್ಳುತ್ತವೆ. ತಪ್ಪಿದ್ದರೆ ತಿದ್ದಬೇಕು. ಮುಜುಗರ ಆಗುತ್ತೆ ಅಂತ ತಿದ್ದೋಕೆ ಹೊರಟರೆ ಆ ಮಾತು ಅವರದಾಗಿ ಉಳಿಯಲ್ಲ.

ಯಜಮಾನರಿಗೆ ಇದನ್ನೇ ಹೇಳಿದೆ. ಅಳಿಸಿದರೆ ಉಳಿದ ಐದು ಜನ ನಾಳೆಯಿಂದ ಬರೀ ಹಬ್ಬದ ಶುಭಾಶಯ ಹಾಕುತ್ತಾರೆ ಸರ್, ಅಂದೆ. ಅವರು ಅಕ್ಕನ ಕಡೆ ತಿರುಗಿ, "ಫೋನಲ್ಲಿ ದಿನಾ ಇದನ್ನೇ ಕೇಳ್ತಾರಾ?" ಅಂದರು.

"ಮಳೆ ಹಿಡೀತು ಅಂದ್ರೆ ದಿನಾ ಕೇಳ್ತಾರೆ ಸಾ."

ಎಷ್ಟು ವರ್ಷದಿಂದ ಆ ಫೋನು ಬರುತ್ತಿದೆ! ನಮ್ಮ ಕವರಿನ ಮೇಲೆ ಒಂದು ಸಾಲು ಅಚ್ಚು ಹಾಕಿಸಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಫೋನ್ ಎತ್ತುವವರನ್ನು ನಾವು ಕೇಳಿಯೇ ಇರಲಿಲ್ಲ.

ಯಜಮಾನರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪೋಸ್ಟ್ ಹಾಗೇ ಇದೆ. ಕೆಳಗೆ ಮೈಸೂರಿನ ಒಬ್ಬರು ಫ್ರಿಜ್‌ನಲ್ಲಿ ಇಡಬಹುದಾ ಅಂತ ಕೇಳಿದ್ದಾರೆ. ಮೊನ್ನೆ ಗುರುವಾರ ಅಕ್ಕ ಅರ್ಧ ಗಂಟೆಯನ್ನೂ ಅದಕ್ಕೆ ಉತ್ತರ ಬರೆಯೋದರಲ್ಲೇ ಕಳೆದರು.