ತಲೆ ಹುಳುಕಡ್ಡಿ: ಗುಳಿಗೆ ಯಾವಾಗ ನಿಲ್ಲಿಸಬೇಕು? ಆರನೇ ವಾರದ ಟಿಪ್ಪಣಿ

ಕುಷ್ಟಗಿ ಕಡೆಯ ಒಂದು ಶಾಲೆಯಲ್ಲಿ ತಲೆ ಹುಳುಕಡ್ಡಿ, ಅಂದರೆ ನೆತ್ತಿಯ ಶಿಲೀಂಧ್ರ ರೋಗ ಇರುವ ಮಕ್ಕಳನ್ನು ನೋಡುತ್ತಿದ್ದೇನೆ. ಇವತ್ತು ಇಬ್ಬರ ವಿಷಯ ಬರೆಯುತ್ತೇನೆ. ಇಬ್ಬರಿಗೂ ರೋಗ ಒಂದೇ, ಆದರೆ ಗುಳಿಗೆ ಬೇರೆ, ಅವಧಿಯೂ ಬೇರೆ.

ಹುಡುಗಿ 22 ಕೆಜಿ. ಕೂದಲು ಬುಡದಲ್ಲೇ ಮುರಿದು ನೆತ್ತಿಯ ಮೇಲೆ ಕಪ್ಪು ಚುಕ್ಕೆಗಳಾಗಿ ನಿಂತಿದ್ದವು. ವುಡ್ಸ್ ಲ್ಯಾಂಪ್ ಅನ್ನುವ ನೇರಳಾತೀತ ದೀಪ ಹಿಡಿದರೆ ಹೊಳೆಯಲಿಲ್ಲ. ಮುರಿದ ಕೂದಲನ್ನು ಕೆಒಎಚ್ ಅನ್ನುವ ಕ್ಷಾರದ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಶಿಲೀಂಧ್ರದ ಬೀಜಕಗಳು ಕೂದಲಿನ ಒಳಗೇ ತುಂಬಿದ್ದವು. ಅಂದರೆ ಟ್ರೈಕೋಫೈಟಾನ್ ಗುಂಪಿನ ಶಿಲೀಂಧ್ರ. ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿಗೆ ವಾರಗಟ್ಟಲೆ ಬೇಕು, ಅಲ್ಲಿವರೆಗೆ ಕಾಯುವ ಹಾಗಿಲ್ಲ. ಲಿವರ್ ಪರೀಕ್ಷೆ ಮಾಡಿಸಿ, 250 ಮಿಗ್ರಾಂ ಟರ್ಬಿನಾಫಿನ್ ಗುಳಿಗೆಯಲ್ಲಿ ಅರ್ಧ, ದಿನಕ್ಕೊಮ್ಮೆ, ನಾಲ್ಕು ವಾರ ಕೊಟ್ಟೆ. ಈ ಔಷಧಿ ಶಿಲೀಂಧ್ರವನ್ನು ಕೊಲ್ಲುತ್ತದೆ, ನಿಲ್ಲಿಸಿದ ಮೇಲೂ ಕೂದಲಲ್ಲಿ ಕೆಲವು ವಾರ ಉಳಿಯುತ್ತದೆ. ಅದಕ್ಕೇ ಅವಧಿ ಕಡಿಮೆ. ಕೊನೆಯಲ್ಲಿ ಮತ್ತೆ ಕೂದಲು ತೆಗೆದು ನೋಡಿದೆ, ಏನೂ ಸಿಗಲಿಲ್ಲ. ನಿಲ್ಲಿಸಿದೆ.

ಹುಡುಗ 25 ಕೆಜಿ. ಮನೆಯಲ್ಲಿ ಬೆಕ್ಕಿನ ಮರಿ ಇದೆ. ಲ್ಯಾಂಪಿನಲ್ಲಿ ಹಸಿರು ಹೊಳಪು, ಬೀಜಕಗಳು ಕೂದಲಿನ ಹೊರಗೆ: ಮೈಕ್ರೋಸ್ಪೋರಮ್ ಅನ್ನುವ ಇನ್ನೊಂದು ಗುಂಪಿನ ಶಿಲೀಂಧ್ರ. ಇದಕ್ಕೆ ಟರ್ಬಿನಾಫಿನ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಗ್ರೈಸಿಯೋಫಲ್ವಿನ್ನೇ ಮೇಲು. ಕೆಜಿಗೆ 20 ಮಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 500, ಅಂದರೆ 250ರ ಎರಡು ಗುಳಿಗೆ. ಜಿಡ್ಡಿನ ಜೊತೆ ತಿಂದರೇ ಚೆನ್ನಾಗಿ ಮೈಗೆ ಹತ್ತುತ್ತದೆ. ಹಾಗಾಗಿ ರಾತ್ರಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ ಜೊತೆ ಕೊಡಿ ಅಂದೆ.

ನಾಲ್ಕನೇ ವಾರಕ್ಕೆ ಹೊಟ್ಟು ಕಡಿಮೆಯಾಗಿ ಹೊಸ ಕೂದಲು ಚಿಗುರಿತ್ತು. ಅವನ ತಾಯಿ ಕೇಳಿದರು: “ಮೇಡಂ, ಕೂದ್ಲಾ ಬರಾಕತ್ತಾವ್ರೀ, ಇನ್ನ ಗುಳಿಗಿ ಸಾಕಲ್ರೀ?”

ಸಾಕಾಗಲ್ಲ. ಗ್ರೈಸಿಯೋಫಲ್ವಿನ್ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ ಅಷ್ಟೇ, ಬಹುಮಟ್ಟಿಗೆ ಕೊಲ್ಲುವುದಿಲ್ಲ. ಹೊಸದಾಗಿ ಬರುವ ಕೂದಲು ಔಷಧಿ ತುಂಬಿಕೊಂಡು ಬೆಳೆಯುತ್ತದೆ, ರೋಗವಿರುವ ಹಳೆ ಕೂದಲು ಮೇಲಕ್ಕೆ ಹೋಗಿ ಉದುರಬೇಕು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಮಧ್ಯದಲ್ಲಿ ಬಿಟ್ಟರೆ ಉಳಿದದ್ದು ಮತ್ತೆ ಹೊಸ ಕೂದಲಿಗೆ ಹತ್ತುತ್ತದೆ.

ಇವತ್ತು ಆರನೇ ವಾರ. ಲ್ಯಾಂಪಿನಲ್ಲಿ ಬುಡ ಹೊಳೆಯುತ್ತಿಲ್ಲ, ತುದಿ ಮಾತ್ರ ಹಸಿರು. ಇದು ಗುಣವಾಗುತ್ತಿರುವ ಲಕ್ಷಣ, ನೋಡಿ ಖುಷಿಯಾಯಿತು. ಆದರೂ ಹುಳುಕಡ್ಡಿ ಕಲೆಯ ಅಂಚಿನಿಂದ ತೆಗೆದ ಒಂದು ಕೂದಲಲ್ಲಿ ಬೀಜಕ ಇನ್ನೂ ಇವೆ. ಕೂದಲು ಚಿಕ್ಕದಾಗಿ ಕತ್ತರಿಸಲು ಹೇಳಿ, ಗುಳಿಗೆ ಎಂಟು ವಾರದವರೆಗೆ ಮುಂದುವರಿಸಿದ್ದೇನೆ. ಆಗಲೂ ಸಿಕ್ಕರೆ ಇನ್ನೂ ಮುಂದಕ್ಕೆ.

ಬರೀ ಮುಲಾಮಿನಿಂದ ಇದು ಹೋಗಲ್ಲ, ಕೂದಲಿನ ಬುಡದವರೆಗೆ ಅದು ಇಳಿಯುವುದೇ ಇಲ್ಲ. ಕೀಟೋಕೊನಜೋಲ್ ಶಾಂಪೂ ವಾರಕ್ಕೆರಡು ಸಲ, ಐದು ನಿಮಿಷ ಬಿಟ್ಟು ತೊಳೆಯಲು ಕೊಟ್ಟಿದ್ದು ಬೇರೆಯವರಿಗೆ ಹರಡದಿರಲಿ ಅಂತ. ಗುಳಿಗೆ ಶುರುವಾದ ಮೇಲೆ ಶಾಲೆ ಬಿಡಿಸಬೇಕಿಲ್ಲ. ಬಾಚಣಿಗೆ ಮಾತ್ರ ಬೇರೆ ಇಡಿ.

ಮುಂದಿನ ಸಲ ಅವನ ತಂಗಿಯ ತಲೆ ನೋಡಬೇಕು. ಬೆಕ್ಕಿನ ಮರಿಯನ್ನೂ ಪಶು ವೈದ್ಯರಿಗೆ ತೋರಿಸಲು ಹೇಳಿದ್ದೇನೆ.